ಮತ್ತೊಮ್ಮೆ ತಾಳೆ ನೋಡಿ!

ಕಚೇರಿಗಳಲ್ಲಿ ಮೇಲಧಿಕಾರಿಗಳು ಬಗೆಬಗೆಯವರಿರುತ್ತಾರೆ. ಕೆಲಸವನ್ನು ಒಪ್ಪಿಸಿ ಮರೆತೇಬಿಡುವವರು ಕೆಲವರು. ಒಪ್ಪಿಸಿ, ಗಡುವಿನ ದಿನ ಮಾತ್ರ ನೆನಪು ಮಾಡಿಕೊಂಡು ಕೇಳುವವರು ಇನ್ನು ಕೆಲವರು. ಇವರಿಬ್ಬರೊಡನೆಯೂ ಹೇಗೋ ಏಗಬಹುದು. ಆದರೆ ಕೆಲಸವನ್ನು ಒಪ್ಪಿಸಿಯೂ ಒಪ್ಪಿಸದೆ ಇರುವ ಮೂರನೆಯ ವರ್ಗವೊಂದುಂಟು. ಅವರು ಕಡತವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ, ಆದರೆ ಅದರ ಒಂದು ತುದಿಯನ್ನು ಬಿಡುವುದಿಲ್ಲ. ಕೆಲಸ ನಡೆಯುತ್ತಿರುವಾಗ ಹೆಗಲ ಮೇಲಿಂದ ಇಣುಕಿ ನೋಡುತ್ತಾರೆ. ಮುಗಿದ ಮೇಲೆ ಮೊದಲಿನಿಂದ ನೋಡುತ್ತಾರೆ. ನೋಡಿ ಸರಿ ಎಂದ ಮೇಲೂ ಊಟದ ವಿರಾಮದ ನಂತರ ಮತ್ತೊಮ್ಮೆ ನೋಡುತ್ತಾರೆ. ಇಂಥವರ ಕೈಕೆಳಗೆ ದುಡಿಯುವುದು ಕಷ್ಟವೆಂದು ಎಲ್ಲರೂ ಬಲ್ಲರು. ಆ ಕಷ್ಟ ನಿಖರವಾಗಿ ಎಲ್ಲಿದೆ, ಅದರಲ್ಲಿ ಎಷ್ಟು ಪಾಲು ತಡೆಯಬಹುದಾದದ್ದು, ಎಷ್ಟು ಪಾಲು ತಡೆಯಬಾರದ್ದು ಎಂದು ಅಳೆದು ನೋಡಿದವರು ಮಾತ್ರ ಕಡಿಮೆ.

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಅದರ ಲೆಕ್ಕಪತ್ರ ವಿಭಾಗದಲ್ಲಿ ಒಬ್ಬ ಮ್ಯಾನೇಜರು, ಇಬ್ಬರು ಲೆಕ್ಕಿಗರು, ಕಾಗದಪತ್ರ ಓಡಾಡಿಸಲು ಒಬ್ಬ ಹುಡುಗ. ಲೆಕ್ಕಿಗರಲ್ಲಿ ಒಬ್ಬಾಕೆ ಬಿ.ಕಾಂ. ಓದಿ, ಬೇರೆಡೆ ಒಂಬತ್ತು ವರ್ಷ ಇದೇ ಕೆಲಸ ಮಾಡಿ ಬಂದವಳು. ಸರಕು ಕಳಿಸಿದವರ ಬಿಲ್ಲುಗಳನ್ನು ದಾಖಲಿಸುವುದು, ಪಾವತಿಗೆ ಸಿದ್ಧಪಡಿಸುವುದು, ತಿಂಗಳ ಕೊನೆಗೆ ಬ್ಯಾಂಕಿನ ತಾಳೆ ಪಟ್ಟಿ ಮಾಡುವುದು, ತೆರಿಗೆಯ ಚಲನ್ ತುಂಬುವುದು ಆಕೆಯ ಪಾಲಿನ ಕೆಲಸಗಳು.

ಮ್ಯಾನೇಜರು ಐವತ್ತು ದಾಟಿದವರು, ಕೆಟ್ಟ ಮನುಷ್ಯರಲ್ಲ. ಹಬ್ಬಕ್ಕೆ ಮುಂಚೆ ಎಲ್ಲರಿಗೂ ಸಂಬಳ ಸಿಕ್ಕಿತೇ ಎಂದು ವಿಚಾರಿಸುವವರು. ಆದರೆ ಅವರ ಕಣ್ಣು ತಪ್ಪಿಸಿ ಒಂದು ಲಕೋಟೆಯೂ ಹೊರಗೆ ಹೋಗುವಂತಿಲ್ಲ. ಸರಬರಾಜುದಾರರಿಗೆ ಬರೆಯುವ ಎರಡು ಸಾಲಿನ ಇ-ಮೇಲನ್ನು ಕಳಿಸುವ ಮೊದಲು ಅವರಿಗೆ ತೋರಿಸಬೇಕು. ‘ದಯವಿಟ್ಟು’ ಎಂಬುದು ಸಾಲಿನ ಮೊದಲಿಗಿದ್ದರೆ ಕೊನೆಗೆ ಒಯ್ಯುತ್ತಾರೆ. ಕೊನೆಗಿದ್ದರೆ ಮೊದಲಿಗೆ ತರುತ್ತಾರೆ. ವೋಚರಿನ ಪಿನ್ನು ಎಡಗಡೆಯ ಮೇಲ್ಮೂಲೆಯಲ್ಲೇ ಇರಬೇಕು, ಅದೂ ಓರೆಯಾಗಿ. ಬೆಳಿಗ್ಗೆ ಹತ್ತೂಕಾಲಕ್ಕೆ ಕೊಟ್ಟ ಕೆಲಸವನ್ನು ಹನ್ನೊಂದಕ್ಕೆ, ಹನ್ನೊಂದೂವರೆಗೆ, ಮತ್ತೆ ಹನ್ನೆರಡಕ್ಕೆ “ಎಲ್ಲಿಗೆ ಬಂತಮ್ಮ?” ಎಂದು ಕೇಳುತ್ತಾರೆ. ಮುಗಿಯಿತೆಂದು ಒಪ್ಪಿಸಿದರೆ, “ಇರಲಿ, ಮತ್ತೊಮ್ಮೆ ತಾಳೆ ನೋಡಿ” ಎನ್ನುತ್ತಾರೆ. ಆಕೆ ನೋಡಿದ ಮೇಲೆ ತಾವು ನೋಡುತ್ತಾರೆ.

ಇದರಿಂದ ಆಗುವ ನಷ್ಟ ಬರಿಯ ಬೇಸರವಲ್ಲವೆಂಬುದು ಒಂದು ತಿಂಗಳ ಕೊನೆಯ ಸಂಜೆ ಸ್ಪಷ್ಟವಾಯಿತು. ಅಂದಿನ ಕೆಲಸ ಬ್ಯಾಂಕಿನ ತಾಳೆ ಪಟ್ಟಿ. ಕಂಪನಿಯ ಪುಸ್ತಕದಲ್ಲಿರುವ ಬ್ಯಾಂಕ್ ಶಿಲ್ಕು, ಬ್ಯಾಂಕಿನವರು ಕಳಿಸುವ ವಿವರಪಟ್ಟಿಯ ಶಿಲ್ಕು ಒಂದೇ ದಿನ ಒಂದೇ ಆಗಿರುವುದು ಅಪರೂಪ. ಆ ಅಂತರಕ್ಕೆ ಪೈಸೆ ಪೈಸೆಗೂ ಕಾರಣ ತೋರಿಸುವುದೇ ತಾಳೆ ಪಟ್ಟಿಯ ಉದ್ದೇಶ. ಅಂದು ಪುಸ್ತಕದ ಶಿಲ್ಕು 8,46,300 ರೂಪಾಯಿ; ಬ್ಯಾಂಕಿನ ಶಿಲ್ಕು 9,41,640 ರೂಪಾಯಿ. ಕಂಪನಿ ಬರೆದುಕೊಟ್ಟರೂ ಪಡೆದವರು ಇನ್ನೂ ಬ್ಯಾಂಕಿಗೆ ಹಾಕದ ಚೆಕ್ಕುಗಳು ಒಟ್ಟು 84,600 ರೂಪಾಯಿ, ಅದನ್ನು ಕೂಡಿಸಬೇಕು. ಕಂಪನಿ ಬ್ಯಾಂಕಿಗೆ ಹಾಕಿದ್ದರೂ ಇನ್ನೂ ಜಮೆಯಾಗದ ಚೆಕ್ಕು 12,500, ಅದನ್ನು ಕಳೆಯಬೇಕು. ಬ್ಯಾಂಕು ತಾನಾಗಿ ಕಡಿದುಕೊಂಡ ಶುಲ್ಕ ತೆರಿಗೆ ಸಹಿತ 590, ಅದನ್ನೂ ಕಳೆಯಬೇಕು. ಒಬ್ಬ ಗಿರಾಕಿ ನೇರವಾಗಿ ಖಾತೆಗೆ ಕಳಿಸಿ, ಪುಸ್ತಕಕ್ಕೆ ಇನ್ನೂ ಏರದ ಹಣ 23,830, ಅದನ್ನು ಕೂಡಿಸಬೇಕು. ಕೂಡಿ ಕಳೆದರೆ 9,41,640 ಸರಿಯಾಗಿ ಬರುತ್ತದೆ. ಆಕೆ ನಾಲ್ಕು ಗಂಟೆಗೇ ಪಟ್ಟಿ ಮುಗಿಸಿ ಒಪ್ಪಿಸಿದಳು.

ಮ್ಯಾನೇಜರು ಅದನ್ನು ನೋಡಿ ಸುಮ್ಮನಾಗಲಿಲ್ಲ. ತಮ್ಮ ಕಂಪ್ಯೂಟರಿನಲ್ಲಿ ತಾವೇ ಬೇರೊಂದು ಹಾಳೆ ತೆರೆದು, ಬ್ಯಾಂಕಿಗೆ ಬಾರದ ಚೆಕ್ಕುಗಳನ್ನೆಲ್ಲ ಒಂದೊಂದಾಗಿ ಹೊಸದಾಗಿ ಬರೆದು ಕೂಡಿಸಿದರು. ಅವರ ಮೊತ್ತ 84,960 ಬಂತು. 360 ರೂಪಾಯಿ ಹೆಚ್ಚು! “ನೋಡಿದಿರಾ ಅಮ್ಮ? ಇದಕ್ಕೇ ನಾನು ಹೇಳುವುದು” ಎಂದರು. ಅಲ್ಲಿಂದ ಇಬ್ಬರೂ ಕುಳಿತು ಚೆಕ್ ಪುಸ್ತಕದ ಪ್ರತಿಗಳನ್ನು ಮೊದಲಿನಿಂದ ತಿರುವಿದರು. ಕಚೇರಿ ಮುಚ್ಚುವ ಹೊತ್ತು ಮೀರಿತು. ಹುಡುಗ ದೀಪಗಳನ್ನು ಆರಿಸುತ್ತ ಇವರ ಮೇಜಿನ ಬಳಿ ಬಂದು ನಿಂತ.

ಆಗ ಆಕೆಗೆ ಹಳೆಯ ಲೆಕ್ಕಿಗರ ಒಂದು ಸೂತ್ರ ನೆನಪಾಯಿತು. ತಾಳೆಯಾಗದ ಅಂತರವನ್ನು ಮೊದಲು ಒಂಬತ್ತರಿಂದ ಭಾಗಿಸಿ ನೋಡಬೇಕು. ಶೇಷವಿಲ್ಲದೆ ಭಾಗವಾದರೆ ಎಲ್ಲೋ ಅಕ್ಕಪಕ್ಕದ ಎರಡು ಅಂಕಿಗಳು ಸ್ಥಳ ಬದಲಿಸಿಕೊಂಡಿರುವ ಸಂಭವ ಹೆಚ್ಚು. ಹಾಗೆ ಅದಲುಬದಲಾದಾಗ ಹುಟ್ಟುವ ಅಂತರ ಯಾವಾಗಲೂ ಒಂಬತ್ತರ ಗುಣಕವೇ ಆಗಿರುತ್ತದೆ. 360ನ್ನು ಭಾಗಿಸಿದರೆ 40. ಹತ್ತು ಮತ್ತು ನೂರರ ಸ್ಥಾನಗಳಲ್ಲಿ, ಒಂದಕ್ಕೊಂದಕ್ಕೆ ನಾಲ್ಕು ಅಂತರವಿರುವ ಎರಡು ಅಂಕಿಗಳು ಹೊರಳಿವೆ ಎಂದರ್ಥ. ಹುಡುಕಿದರೆ ಎರಡೇ ನಿಮಿಷದಲ್ಲಿ ಸಿಕ್ಕಿತು. 7,260 ರೂಪಾಯಿಯ ಚೆಕ್ಕನ್ನು ಮ್ಯಾನೇಜರ ಹಾಳೆಯಲ್ಲಿ 7,620 ಎಂದು ಬರೆದಿತ್ತು. ಆಕೆಯ ಪಟ್ಟಿ ಸರಿಯಾಗಿಯೇ ಇತ್ತು. ತಪ್ಪು ಹುಟ್ಟಿದ್ದು ಪರೀಕ್ಷೆಯಲ್ಲಿ.

ಮುಗಿದ ಕೆಲಸವನ್ನು ಮತ್ತೆ ಮತ್ತೆ ತಿರುವುವುದರಲ್ಲಿರುವ ಮೊದಲನೆಯ ತೊಡಕು ಇದೇ. ಅಂಕಿಗಳನ್ನು ಹೊಸದಾಗಿ ಬರೆಯುವ ಪ್ರತಿಯೊಂದು ಕೈಯೂ ಹೊಸ ತಪ್ಪಿಗೆ ಒಂದು ಬಾಗಿಲು. ಪರೀಕ್ಷೆಯೆಂದರೆ ಇರುವುದನ್ನು ಮೂಲದೊಡನೆ ಹೋಲಿಸುವುದೇ ಹೊರತು ಇನ್ನೊಮ್ಮೆ ಮಾಡುವುದಲ್ಲ.

ಎರಡನೆಯ ತೊಡಕನ್ನು ಆಕೆಗೆ ತೋರಿಸಿಕೊಟ್ಟವರು ಮನೆಯಲ್ಲಿದ್ದ ಅತ್ತೆ. ರಾತ್ರಿ ಎಂಟೂವರೆಗೆ ಮನೆ ಸೇರಿದ ಸೊಸೆ ಊಟಕ್ಕೆ ಕುಳಿತಾಗ ಸಾರಿಗೆ ಉಪ್ಪಿರಲಿಲ್ಲ. ಗಂಡ ಅಮ್ಮ ಹಾಕಿರಬಹುದೆಂದುಕೊಂಡಿದ್ದ; ಅಮ್ಮ ಮಗ ಹಾಕಿದನೆಂದುಕೊಂಡಿದ್ದರು. “ಒಬ್ಬರೇ ಅಡಿಗೆ ಮಾಡಿದ ದಿನ ಉಪ್ಪು ಮರೆಯುವುದಿಲ್ಲ ಕಣಮ್ಮ. ಇಬ್ಬರು ಒಲೆಯ ಮುಂದೆ ನಿಂತ ದಿನವೇ ಒಂದೋ ಸಪ್ಪೆ, ಇಲ್ಲವೇ ಎರಡು ಸಲದ ಉಪ್ಪು” ಎಂದು ಅತ್ತೆ ನಕ್ಕರು. ಸೊಸೆ ನಗಲಿಲ್ಲ. ಕಳೆದ ಕೆಲವು ತಿಂಗಳಿಂದ ತನ್ನಲ್ಲೇ ಬೆಳೆಯುತ್ತಿದ್ದ ಒಂದು ಅಭ್ಯಾಸ ಆಕೆಗೆ ಥಟ್ಟನೆ ಗೋಚರವಾಯಿತು. ಬಿಲ್ಲನ್ನು ದಾಖಲಿಸುವಾಗ ಅನುಮಾನ ಬಂದರೆ ಮೊದಲು ಕಡತ ತೆಗೆದು ನೋಡುತ್ತಿದ್ದವಳು, ಈಚೆಗೆ ‘ಹೇಗೂ ಅವರು ನೋಡುತ್ತಾರಲ್ಲ’ ಎಂದು ಮುಂದೆ ಹೋಗುತ್ತಿದ್ದಳು. ಅವರೋ ‘ಆಕೆ ಎರಡು ಸಲ ನೋಡಿದ್ದಾಳೆ’ ಎಂದು ಆ ಅನುಮಾನದ ಸ್ಥಳವನ್ನು ದಾಟಿ, ‘ದಯವಿಟ್ಟು’ ಎಲ್ಲಿದೆಯೆಂದು ನೋಡುತ್ತಿದ್ದರು.

ಇದು ಒಂದು ಮನೆಯ ಅಥವಾ ಒಂದು ಕಚೇರಿಯ ಸಂಗತಿಯಷ್ಟೇ ಅಲ್ಲ. ಕೈಗಾರಿಕೆಗಳ ಗುಣಮಟ್ಟದ ವಿಷಯದಲ್ಲಿ ಹೆಸರಾದ ಅಮೆರಿಕದ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್, 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಎಂಜಿನಿಯರುಗಳಿಗೂ ಉದ್ಯಮಿಗಳಿಗೂ ಪಾಠ ಹೇಳಿದವರು. ಮುಂದೆ ಆಡಳಿತಗಾರರಿಗಾಗಿ ಅವರು ಬರೆದ ಹದಿನಾಲ್ಕು ಸೂತ್ರಗಳಲ್ಲಿ ಮೂರನೆಯದು ಈ ಮಾತನ್ನೇ ಹೇಳುತ್ತದೆ: ಮುಗಿದ ಸರಕನ್ನೆಲ್ಲ ಪರೀಕ್ಷಿಸಿ ಗುಣ ತರುತ್ತೇವೆಂಬ ಅವಲಂಬನೆ ನಿಲ್ಲಬೇಕು; ಗುಣ ತಯಾರಿಕೆಯಲ್ಲಿಯೇ ಹುಟ್ಟಬೇಕು. ಒಂದೇ ವಸ್ತುವಿಗೆ ಇಬ್ಬರು ಪರೀಕ್ಷಕರನ್ನು ನೇಮಿಸಿದರೆ ಹೊಣೆ ಇಬ್ಬರಲ್ಲೂ ಹಂಚಿಹೋಗಿ ಕೊನೆಗೆ ಯಾರದೂ ಆಗದೆ ಉಳಿಯುತ್ತದೆಂಬುದನ್ನೂ ಅವರು ಎತ್ತಿ ತೋರಿಸಿದ್ದರು.

ಆದರೆ ಮ್ಯಾನೇಜರ ಮುಂದೆ ಡೆಮಿಂಗ್ ಸಾಹೇಬರ ಹೆಸರು ಹೇಳಿ ಪ್ರಯೋಜನವಿಲ್ಲ. ಪಕ್ಕದ ಮೇಜಿನ ಲೆಕ್ಕಿಗ ಇದಕ್ಕೆ ಮೊದಲೇ ಒಂದು ದಾರಿ ಪ್ರಯತ್ನಿಸಿದ್ದ. ಒಂದು ದಿನ ತಾಳ್ಮೆ ಕಳೆದುಕೊಂಡು, “ಸರ್, ನನ್ನ ಮೇಲೆ ನಂಬಿಕೆಯಿಲ್ಲದಿದ್ದರೆ ನೀವೇ ಮಾಡಿಕೊಳ್ಳಿ” ಎಂದಿದ್ದ. ಪರಿಣಾಮವಾಗಿ ಅವನ ಕೆಲಸವನ್ನು ದಿನಕ್ಕೆ ಎರಡು ಸಲ ನೋಡುತ್ತಿದ್ದವರು ಮೂರು ಸಲ ನೋಡತೊಡಗಿದರು. ಇದರಲ್ಲಿ ಅಚ್ಚರಿಯಿಲ್ಲ. ಭಯದಿಂದ ಪರೀಕ್ಷಿಸುವವರಿಗೆ ನಂಬಿಕೆಯ ಬಗ್ಗೆ ಆಡುವ ಬಿಸಿಮಾತು ಭಯವನ್ನೇ ಹೆಚ್ಚಿಸುತ್ತದೆ. ಅವರಿಗೆ ಬೇಕಾದದ್ದು ನಂಬುವುದಕ್ಕೊಂದು ಆಧಾರ. ಹೀಗಾಗಿ ಆಕೆ ಜಗಳಕ್ಕೂ ಹೋಗಲಿಲ್ಲ, ಮಾಲೀಕರ ಬಳಿಗೂ ಹೋಗಲಿಲ್ಲ. ನಲವತ್ತು ಪುಟದ ಒಂದು ನೋಟುಪುಸ್ತಕ ಕೊಂಡಳು.

ಒಂದು ತಿಂಗಳು ಪೂರ್ತಿ, ಮುಗಿದ ಕೆಲಸವನ್ನು ಮ್ಯಾನೇಜರು ಮರುಪರೀಕ್ಷೆ ಮಾಡಿದಾಗಲೆಲ್ಲ ಅದರಲ್ಲಿ ಒಂದು ಸಾಲು ಬರೆದಳು: ಯಾವ ಕೆಲಸ, ತನ್ನ ಸಮಯ ಎಷ್ಟು ಹಿಡಿಯಿತು, ಕೊನೆಗೆ ಏನು ಬದಲಾಯಿತು. ಬದಲಾವಣೆಗೆ ಮೂರೇ ಗುರುತು. ಏನೂ ಬದಲಾಗದಿದ್ದರೆ ಸೊನ್ನೆ. ಪದವೋ ರೂಪವೋ ಬದಲಾದರೆ ಒಂದು. ಅಂಕಿಯೋ ಹಣವೋ ತೆರಿಗೆಯೋ ನಿಜವಾಗಿ ತಪ್ಪಿದ್ದರೆ ಎರಡು. ಮ್ಯಾನೇಜರ ಮಾತು, ಮುಖಭಾವ, ತನ್ನ ಸಿಟ್ಟು ಇವೊಂದನ್ನೂ ಬರೆಯಲಿಲ್ಲ. ಆ ಪುಸ್ತಕವನ್ನು ಒಂದು ದಿನ ಅವರ ಕೈಗೇ ಕೊಡಬೇಕಾಗುತ್ತದೆಂಬುದು ಆಕೆಗೆ ಗೊತ್ತಿತ್ತು.

ತಿಂಗಳ ಕೊನೆಗೆ ಎಣಿಸಿದಾಗ ಒಟ್ಟು 61 ಮರುಪರೀಕ್ಷೆಗಳಾಗಿದ್ದವು. ಅದರಲ್ಲಿ 44ರ ಮುಂದೆ ಸೊನ್ನೆ. 14ರ ಮುಂದೆ ಒಂದು. ಉಳಿದ ಮೂರರ ಮುಂದೆ ಎರಡು. ಆಕೆಯ ಸಮಯ ಹದಿನಾಲ್ಕು ಗಂಟೆ ಖರ್ಚಾಗಿತ್ತು. ಹಾಗೆಂದು ಆಕೆ ಗೆದ್ದೆನೆಂದು ಹಿಗ್ಗಲಿಲ್ಲ. ಆ ಮೂರು ತಪ್ಪುಗಳು ನಿಜವಾದ ತಪ್ಪುಗಳು. ಅವುಗಳನ್ನು ಮ್ಯಾನೇಜರು ಹಿಡಿದಿದ್ದರು. ಅವು ಎಲ್ಲಿದ್ದವೆಂದು ನೋಡುವುದೇ ಮುಂದಿನ ಕೆಲಸವಾಯಿತು.

ಮೂರೂ ಹೊಸ ಸರಬರಾಜುದಾರರ ಬಿಲ್ಲುಗಳಲ್ಲಿದ್ದವು. ಎರಡರಲ್ಲಿ ತೆರಿಗೆಯ ಬಗೆ ತಪ್ಪಿತ್ತು. 2017ರ ಜುಲೈ 1ರಿಂದ ಜಾರಿಗೆ ಬಂದ ಜಿ.ಎಸ್.ಟಿ. ಪದ್ಧತಿಯಲ್ಲಿ ಸರಕು ರಾಜ್ಯದೊಳಗಿನಿಂದ ಬಂದರೆ ತೆರಿಗೆ ಕೇಂದ್ರ, ರಾಜ್ಯ ಎಂದು ಎರಡು ಹೋಳಾಗುತ್ತದೆ. ಹೊರರಾಜ್ಯದಿಂದ ಬಂದರೆ ಐ.ಜಿ.ಎಸ್.ಟಿ. ಎಂಬ ಒಂದೇ ತೆರಿಗೆ. ಸರಬರಾಜುದಾರರ ನೋಂದಣಿ ಸಂಖ್ಯೆಯ ಮೊದಲ ಎರಡು ಅಂಕಿ ಅವರು ನೋಂದಣಿಯಾದ ರಾಜ್ಯವನ್ನು ಹೇಳುತ್ತದೆ: ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ಆ ಎರಡು ಬಿಲ್ಲುಗಳೂ ಹೊಸೂರಿನ ಕಾರ್ಖಾನೆಗಳವು. ತಲೆಬರಹದಲ್ಲಿ ಬೆಂಗಳೂರಿನ ಮಾರಾಟ ಕಚೇರಿಯ ವಿಳಾಸ ದಪ್ಪಕ್ಷರದಲ್ಲಿತ್ತು. 33ರಿಂದ ಆರಂಭವಾಗುವ ಸಂಖ್ಯೆ ಕೆಳಗೆ ಸಣ್ಣಕ್ಷರದಲ್ಲಿತ್ತು. ಆಕೆ ವಿಳಾಸ ನೋಡಿ ರಾಜ್ಯದೊಳಗಿನ ಬಿಲ್ಲೆಂದು ದಾಖಲಿಸಿದ್ದಳು. ಹಾಗೆಯೇ ಬಿಟ್ಟಿದ್ದರೆ ಕಂಪನಿ ಪಡೆಯುವ ತೆರಿಗೆಯ ಜಮೆ, ಸರಬರಾಜುದಾರರು ಸಲ್ಲಿಸಿದ ವಿವರದೊಡನೆ ತಾಳೆಯಾಗುತ್ತಿರಲಿಲ್ಲ.

ಮೂರನೆಯದು ಇನ್ನೂ ಅಪಾಯಕರ. ಒಂದೇ ಬಿಲ್ಲು ಎರಡು ಸಲ ದಾಖಲಾಗಿತ್ತು. ಮೊದಲು ಇ-ಮೇಲಿನಲ್ಲಿ ಪ್ರತಿ ಬಂದಿತ್ತು. ಹತ್ತು ದಿನದ ನಂತರ ಸರಕಿನ ಜೊತೆ ಮೂಲ ಕಾಗದ ಬಂದಿತ್ತು. ಒಮ್ಮೆ ಬಿಲ್ಲಿನ ಸಂಖ್ಯೆಯನ್ನು 145 ಎಂದೂ, ಇನ್ನೊಮ್ಮೆ ಕಾಗದದಲ್ಲಿದ್ದಂತೆ 0145 ಎಂದೂ ಬರೆದಿದ್ದರಿಂದ, ಒಂದೇ ಸಂಖ್ಯೆ ಮರುಕಳಿಸಿದರೆ ಎಚ್ಚರಿಸಬೇಕಾದ ಕಂಪ್ಯೂಟರು ಇವೆರಡನ್ನೂ ಬೇರೆ ಬೇರೆ ಬಿಲ್ಲುಗಳೆಂದು ತಿಳಿದು ಸುಮ್ಮನಿತ್ತು. ಒಂದೇ ಸರಕಿಗೆ ಎರಡು ಸಲ ಹಣ ಹೋಗುವುದು ಬಹುಮಟ್ಟಿಗೆ ಇಂಥ ಸಣ್ಣ ಸೊನ್ನೆಯಿಂದಲೇ.

ಇತ್ತ ಬ್ಯಾಂಕಿನ ತಾಳೆ ಪಟ್ಟಿಯಲ್ಲಿ, ಚಲನ್‌ಗಳಲ್ಲಿ, ಪತ್ರಗಳಲ್ಲಿ, ಹಳೆಯ ಸರಬರಾಜುದಾರರ ಬಿಲ್ಲುಗಳಲ್ಲಿ ಇಡೀ ತಿಂಗಳು ಎರಡರ ಗುರುತು ಒಂದೂ ಬಿದ್ದಿರಲಿಲ್ಲ. ಮ್ಯಾನೇಜರು ಎಲ್ಲವನ್ನೂ ಸಮವಾಗಿ ನೋಡುತ್ತಿದ್ದರು. ತಪ್ಪುಗಳಾದರೋ ಒಂದೇ ಮೂಲೆಯಲ್ಲಿ ಹುಟ್ಟುತ್ತಿದ್ದವು.

ಮಾತನಾಡಲು ದಿನವನ್ನೂ ಆಕೆ ಯೋಚಿಸಿಯೇ ಆರಿಸಿದಳು. ಮೂಲದಲ್ಲಿ ಕಡಿದ ವರಮಾನ ತೆರಿಗೆ ಕಟ್ಟುವುದು ಸಾಮಾನ್ಯವಾಗಿ ಮರುತಿಂಗಳ 7ನೆಯ ತಾರೀಖಿಗೆ, ಜಿ.ಎಸ್.ಟಿ. ವಿವರಗಳಿಗೆ 11 ಮತ್ತು 20ನೆಯ ತಾರೀಖು. ಆ ದಿನಗಳ ಹತ್ತಿರ ಯಾವ ಲೆಕ್ಕಪತ್ರ ಮ್ಯಾನೇಜರ ಬಳಿಯೂ ಹೊಸ ಮಾತು ಎತ್ತಬಾರದು. 23ನೆಯ ತಾರೀಖು ಮಧ್ಯಾಹ್ನ, ಕಾಫಿಯಾದ ಮೇಲೆ, “ಸರ್, ನನ್ನ ತಪ್ಪುಗಳ ಒಂದು ಪಟ್ಟಿ ಮಾಡಿದ್ದೇನೆ. ಹತ್ತು ನಿಮಿಷ ಬಿಡುವಿದ್ದರೆ ತೋರಿಸಲೇ?” ಎಂದಳು.

ತಪ್ಪುಗಳ ಪಟ್ಟಿಯೆಂದರೆ ಮ್ಯಾನೇಜರು ಬಿಡುವು ಮಾಡಿಕೊಳ್ಳದೆ ಇರುವರೆ! ಪುಸ್ತಕವನ್ನು ಮೊದಲ ಪುಟದಿಂದ ಓದಿದರು. ಕೂಡಿಕೆ ಸರಿಯೇ ಎಂದು ತಾವೂ ಒಮ್ಮೆ ಎಣಿಸಿದರು. 61 ಸರಿಯಾಗಿಯೇ ಇತ್ತು. 0145ರ ಸಾಲಿಗೆ ಬಂದಾಗ ಮಾತ್ರ ಬಹಳ ಹೊತ್ತು ಅಲ್ಲಿಯೇ ನಿಂತರು. ಬಳಿಕ, ಯಾರಿಗೂ ಹೇಳದಿದ್ದ ಮಾತೊಂದು ಹೊರಬಂದಿತು. ಹಿಂದೆ ಅವರಿದ್ದ ಕಂಪನಿಯಲ್ಲಿ ಇದೇ ರೀತಿ ಒಂದು ಬಿಲ್ಲಿಗೆ ಎರಡು ಸಲ ಚೆಕ್ಕು ಹೋಗಿತ್ತು. ದಾಖಲಿಸಿದವನು ಬೇರೆ, ಎರಡು ಚೆಕ್ಕಿನ ಮೇಲೂ ಇದ್ದದ್ದು ಇವರ ರುಜು. ಹಣ ಪಡೆದವರು ಹಿಂತಿರುಗಿಸುವವರೆಗೆ ಏಳು ತಿಂಗಳು ಎಲ್ಲರೂ ಇವರನ್ನು ಓರೆಗಣ್ಣಿನಿಂದ ನೋಡಿದರು. “ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ ಅಮ್ಮ. ರುಜು ಯಾರದೆಂದು ಕೇಳುತ್ತಾರೆ” ಎಂದರು. ಹಾವು ತುಳಿದವನು ಹಗ್ಗಕ್ಕೂ ಹೆದರುವನೆಂಬುದು ಗಾದೆ. ಇವರು ವೋಚರಿನ ಪಿನ್ನಿಗೂ ಹೆದರುತ್ತಿದ್ದರು.

ಆಕೆ ಒಂದು ಒಪ್ಪಂದ ಮುಂದಿಟ್ಟಳು. ತಿಂಗಳಿಗೆ ಸುಮಾರು 240 ಬಿಲ್ಲುಗಳು. ಅವುಗಳಲ್ಲಿ ಹೊಸ ಸರಬರಾಜುದಾರರವು ಹದಿನೈದರಷ್ಟು, 50,000 ರೂಪಾಯಿಗೆ ಮೇಲ್ಪಟ್ಟವು ಮೂವತ್ತರಷ್ಟು. ಇವೆಲ್ಲವನ್ನೂ ಮ್ಯಾನೇಜರು ಒಂದೂ ಬಿಡದೆ ನೋಡಬೇಕು, ಅದೂ ದಾಖಲಿಸುವ ಮೊದಲೇ. ಉಳಿಯುವ 195ರಲ್ಲಿ ತಮಗೆ ತೋಚಿದ ಇಪ್ಪತ್ತನ್ನು ತಾವೇ ಎಳೆದು ನೋಡಬೇಕು. ಯಾವುದೆಂದು ಆಕೆಗೆ ಮೊದಲೇ ತಿಳಿಯಬಾರದು. ಆ ಇಪ್ಪತ್ತರಲ್ಲಿ ಒಂದು ತಪ್ಪು ಸಿಕ್ಕರೂ ಇಡೀ ಕಟ್ಟನ್ನು ನೋಡಬೇಕು.

ಮ್ಯಾನೇಜರು ಸರಿಯಾದ ಪ್ರಶ್ನೆಯನ್ನೇ ಕೇಳಿದರು: “195ರಲ್ಲಿ ಒಂದೇ ಒಂದು ತಪ್ಪು ಬಿಲ್ಲಿದ್ದರೆ ಇಪ್ಪತ್ತರಲ್ಲಿ ಸಿಕ್ಕೀತೆ?”

“ಸಿಕ್ಕುವುದು ಕಷ್ಟ ಸರ್. ಹತ್ತರಲ್ಲಿ ಒಂದು ಸಲ ಸಿಕ್ಕೀತು. ಆದರೆ ನಾನು ಅಜಾಗರೂಕಳಾಗಿ ಹತ್ತು ಬಿಲ್ಲಿಗೊಂದರಂತೆ ತಪ್ಪು ಮಾಡತೊಡಗಿದರೆ, ನಿಮ್ಮ ಇಪ್ಪತ್ತರಲ್ಲಿ ಒಂದಾದರೂ ಸಿಕ್ಕಿಯೇ ಸಿಕ್ಕುವ ಸಂಭವ ಹತ್ತರಲ್ಲಿ ಒಂಬತ್ತು ಸಲ.”

ಮಾದರಿ ಪರೀಕ್ಷೆಯ ಬಲವೂ ಮಿತಿಯೂ ಈ ಎರಡು ಮಾತಿನಲ್ಲಿ ಅಡಗಿವೆ. ಅದು ಒಂಟಿ ತಪ್ಪನ್ನು ಹಿಡಿಯುವ ಬಲೆಯಲ್ಲ. ಕೆಲಸದ ರೀತಿ ಕೆಡುತ್ತಿದೆಯೇ ಎಂದು ತಿಳಿಸುವ ಗಂಟೆ. ಒಂಟಿ ತಪ್ಪೊಂದು ದೊಡ್ಡ ಅನಾಹುತ ಮಾಡಬಲ್ಲ ಸ್ಥಳಗಳಲ್ಲಿ ಮಾದರಿ ಸಾಲದು, ಎಲ್ಲವನ್ನೂ ನೋಡಲೇಬೇಕು. ಹಣ ಪಡೆಯುವವರ ಬ್ಯಾಂಕ್ ಖಾತೆಯ ಸಂಖ್ಯೆ ಹೊಸದಾಗಿದ್ದರೆ ಅಥವಾ ಬದಲಾಯಿತೆಂದು ಪತ್ರ ಬಂದರೆ, ಆ ಪತ್ರದಲ್ಲಿರುವ ಫೋನಿಗಲ್ಲದೆ ಮೊದಲಿನಿಂದ ತಿಳಿದಿರುವ ಫೋನಿಗೆ ಕರೆಮಾಡಿ ಖಚಿತಪಡಿಸಿಕೊಳ್ಳಬೇಕು. ಕಂಪನಿಯ ಖಾತೆಯಿಂದ ಕಂಪ್ಯೂಟರಿನ ಮೂಲಕ ಹಣ ಕಳಿಸುವಾಗ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮಂಜೂರು ಮಾಡುವ ಪದ್ಧತಿ ಇರುವುದೂ ಇದಕ್ಕೇ. ಇಂಥ ಕಡೆ ಮೇಲಧಿಕಾರಿ ನೋಡುತ್ತೇನೆಂದರೆ ಕೈಕೆಳಗಿನವರು ನೊಂದುಕೊಳ್ಳಬೇಕಾದ್ದಿಲ್ಲ, ನೋಡದಿದ್ದರೆ ಚಿಂತಿಸಬೇಕು.

ಎರಡನೆಯ ಬೇಡಿಕೆ ಚಿಕ್ಕದು. ತಾಳೆ ಪಟ್ಟಿಯ ಮೇಲೆ ಆಕೆ ಒಂದು ಚೀಟಿ ಲಗತ್ತಿಸುವಳು: ಎರಡೂ ಶಿಲ್ಕುಗಳನ್ನು ಯಾವುದರಿಂದ ತೆಗೆದುಕೊಂಡದ್ದು, ಕಳೆದ ತಿಂಗಳಿಂದ ಉಳಿದುಬಂದ ಚೆಕ್ಕುಗಳೆಷ್ಟು, ಮೂರು ತಿಂಗಳ ಅವಧಿ ಮೀರುತ್ತಿರುವ ಚೆಕ್ಕುಗಳೆಷ್ಟು, ತನಗೆ ಅನುಮಾನವಿರುವ ಬಾಬು ಯಾವುದು. ಮ್ಯಾನೇಜರು ಆ ನಾಲ್ಕು ಸಾಲನ್ನು ಮೂಲದೊಡನೆ ಹೋಲಿಸಬೇಕು. ಹೊಸ ಹಾಳೆಯಲ್ಲಿ ಮತ್ತೆ ಕೂಡಬಾರದು. ಬೆಳಿಗ್ಗೆ ಹತ್ತೂವರೆಗೂ ಸಂಜೆ ನಾಲ್ಕಕ್ಕೂ ಕೆಲಸ ಎಲ್ಲಿಗೆ ಬಂತೆಂದು ಅವರು ಕೇಳುವ ಮೊದಲೇ ತಾನಾಗಿ ತಿಳಿಸುವುದಾಗಿಯೂ ಒಪ್ಪಿದಳು. ಕೇಳಿದ ಮೇಲೆ ಕೊಡುವ ಉತ್ತರ ಸಮಜಾಯಿಷಿಯಂತೆ ಕೇಳುತ್ತದೆ. ಕೇಳುವ ಮೊದಲು ಬಂದ ಸುದ್ದಿ ವರದಿಯಂತೆ ಕೇಳುತ್ತದೆ.

ಮೂರನೆಯದನ್ನು ಹೇಳಲು ಆಕೆಗೆ ಹೆಚ್ಚು ಧೈರ್ಯ ಬೇಕಾಯಿತು. ಕೆಲವು ಸಂಜೆ, ಆಕೆ ಮನೆಗೆ ಹೋದ ಮೇಲೆ, ಮ್ಯಾನೇಜರು ಆಕೆಯ ಗುಪ್ತಪದವನ್ನೇ ಬಳಸಿ ಮುಗಿದ ವೋಚರುಗಳ ವಿವರಣೆಯ ಸಾಲನ್ನು ತಿದ್ದುತ್ತಿದ್ದರು. ಭಾರತದ ಕಂಪನಿಗಳು 2023ರ ಏಪ್ರಿಲ್ 1ರಿಂದ, ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ದಿನಾಂಕ ಸಹಿತ ಉಳಿಸುವ, ಆ ಜಾಡನ್ನು ಅಳಿಸಲು ಬಾರದ ಲೆಕ್ಕದ ತಂತ್ರಾಂಶವನ್ನೇ ಬಳಸಬೇಕೆಂಬುದು ನಿಯಮ. ಅಂದಮೇಲೆ ಮ್ಯಾನೇಜರು ರಾತ್ರಿ ಏಳಕ್ಕೆ ಮಾಡಿದ ತಿದ್ದುಪಡಿ ಆಕೆಯ ಹೆಸರಿನಲ್ಲಿ ದಾಖಲಾಗುತ್ತಿತ್ತು. ನಾಳೆ ಲೆಕ್ಕಪರಿಶೋಧಕರು ಬಂದು ಕೇಳಿದರೆ ಉತ್ತರ ಕೊಡಬೇಕಾದವಳು ಆಕೆ. “ಸರ್, ರುಜು ಯಾರದೆಂದು ಕೇಳುತ್ತಾರೆ ಎಂದಿರಲ್ಲ, ಇದೂ ಒಂದು ರುಜುವೇ ಅಲ್ಲವೆ?” ಎಂದಳು. ಮ್ಯಾನೇಜರು ಕ್ಷಣಕಾಲ ಸುಮ್ಮನಿದ್ದು, “ಹೌದು. ಇಂದೇ ಗುಪ್ತಪದ ಬದಲಿಸಿಕೊಳ್ಳಿ. ನನಗೂ ಹೇಳಬೇಡಿ” ಎಂದರು.

ಒಪ್ಪಂದ ಮೂರು ತಿಂಗಳ ಪ್ರಯೋಗಕ್ಕೆಂದು ನಿಶ್ಚಯವಾಯಿತು. ಗಡುವು ಇಟ್ಟದ್ದು ಜಾಣತನ. ಹೆದರುವವರು ಶಾಶ್ವತವಾಗಿ ಬಿಡಲಾರದ್ದನ್ನು ಮೂರು ತಿಂಗಳಿಗೆ ಬಿಟ್ಟಾರು. ಮೊದಲ ತಿಂಗಳು ಮ್ಯಾನೇಜರು ಇಪ್ಪತ್ತು ನೋಡಿ ತೃಪ್ತರಾಗದೆ 195ನ್ನೂ ನೋಡಿದರು. ಆಕೆ ತಕರಾರು ಮಾಡಲಿಲ್ಲ; ಪುಸ್ತಕದಲ್ಲಿ ಸೊನ್ನೆ ಬರೆದಳು. ಎರಡನೆಯ ತಿಂಗಳು ಅರ್ಧಕ್ಕೆ ನಿಲ್ಲಿಸಿದರು. ಅದೇ ತಿಂಗಳು ಇಪ್ಪತ್ತರಲ್ಲಿ ಒಂದು ತಪ್ಪು ಸಿಕ್ಕಿತು. ಸಾಗಣೆಯ ಖರ್ಚು ಬೇರೆ ಖಾತೆಗೆ ಏರಿತ್ತು. ಒಪ್ಪಂದದಂತೆ ಆಕೆಯೇ ಇಡೀ ಕಟ್ಟನ್ನು ಅವರ ಮುಂದಿಟ್ಟಳು. ಹುಡುಕಿದರೆ ಬೇರೆ ತಪ್ಪು ಇರಲಿಲ್ಲ. ಒಪ್ಪಂದ ಗಟ್ಟಿಯಾದದ್ದು ತಪ್ಪಿಲ್ಲದ ಮೊದಲ ತಿಂಗಳಿನಿಂದಲ್ಲ, ತಪ್ಪು ಸಿಕ್ಕ ಈ ತಿಂಗಳಿನಿಂದ. ಗಂಟೆ ಬಾರಿಸುತ್ತದೆಂಬುದನ್ನು ಮ್ಯಾನೇಜರು ತಮ್ಮ ಕಿವಿಯಾರೆ ಕೇಳಿದ್ದರು. ಮೂರನೆಯ ತಿಂಗಳು ಇಪ್ಪತ್ತಕ್ಕೇ ನಿಂತರು. ಆ ತಿಂಗಳ ಮರುಪರೀಕ್ಷೆಗಳಿಗೆ ಆಕೆಯ ಸಮಯ ಹಿಡಿದದ್ದು ನಾಲ್ಕು ಗಂಟೆ.

ಎಲ್ಲ ಕಡೆಯೂ ಇದೇ ಫಲ ದೊರೆಯುತ್ತದೆಂದು ಹೇಳುವಂತಿಲ್ಲ. ಭಯದಿಂದ ನೋಡುವವರು ಬೇರೆ, ಕೈಕೆಳಗಿನವರನ್ನು ಕುಗ್ಗಿಸಲೆಂದೇ ನೋಡುವವರು ಬೇರೆ. ಎರಡನೆಯವರನ್ನು ಗುರುತಿಸುವುದು ಕಷ್ಟವಲ್ಲ. ನಿನ್ನೆ ತಾವೇ ಮಾಡಿಸಿದ ತಿದ್ದುಪಡಿಯನ್ನು ಇಂದು ತಪ್ಪೆನ್ನುತ್ತಾರೆ. ಯಾವುದು ಸರಿಯೆಂದು ಬರಹದಲ್ಲಿ ಕೊಡಲು ಒಪ್ಪುವುದಿಲ್ಲ. ತಪ್ಪುಗಳ ಪಟ್ಟಿ ತೋರಿಸಿದರೆ ಅಂಕಿಯನ್ನು ನೋಡದೆ, ಪಟ್ಟಿ ಮಾಡಿದ್ದಕ್ಕೇ ಸಿಟ್ಟಾಗುತ್ತಾರೆ. ಅಂಥವರ ಬಳಿ ನೋಟುಪುಸ್ತಕದ ಉಪಯೋಗ ಒಂದೇ: ಬೇರೆ ಕೆಲಸ ಹುಡುಕಿಕೊಳ್ಳುವ ಮುನ್ನ, ತನ್ನ ಕೆಲಸ ಹಾಳಾಗಿಲ್ಲವೆಂದು ದುಡಿಯುವವರಿಗೆ ತಮಗೆ ತಾವೇ ತಿಳಿದುಕೊಳ್ಳುವುದು.

ಪೀಣ್ಯದ ಕಚೇರಿಯಲ್ಲಿ ಈಗ ತಿಂಗಳ ಕೊನೆಯ ಸಂಜೆಯೂ ಆರಕ್ಕೆ ದೀಪ ಆರುತ್ತದೆ. ‘ದಯವಿಟ್ಟು’ ಇನ್ನೂ ಕೆಲವೊಮ್ಮೆ ಸಾಲಿನ ತುದಿಯಿಂದ ತುದಿಗೆ ಓಡಾಡುವುದುಂಟು. ಹೊಸ ಸರಬರಾಜುದಾರರ ಬಿಲ್ಲು ಬಂದರೆ, ಆಕೆ ತಲೆಬರಹದ ವಿಳಾಸ ನೋಡುವ ಮೊದಲು ಕೆಳಗಿನ ಸಣ್ಣಕ್ಷರದಲ್ಲಿ ಮೊದಲೆರಡು ಅಂಕಿ ನೋಡುತ್ತಾಳೆ. ವೋಚರಿನ ಪಿನ್ನು ಮಾತ್ರ ಎಡಗಡೆಯ ಮೇಲ್ಮೂಲೆಯಲ್ಲಿ, ಓರೆಯಾಗಿಯೇ ಇರಬೇಕು. ಅದಕ್ಕೆ ಆಕೆಯ ಆಕ್ಷೇಪಣೆಯಿಲ್ಲ. ಹಾಗೆ ಚುಚ್ಚಿದರೆ ಪುಟ ತಿರುವುವಾಗ ಕಾಗದ ಹರಿಯುವುದಿಲ್ಲವೆಂಬುದು ಆಕೆಗೂ ಈಗ ಗೊತ್ತಾಗಿದೆ.